0.14 ಅಂದರೆ ‘ಶೇ. 14’ ಅಲ್ಲ: ಎಂಡೋಸಲ್ಫಾನ್ ಅಧ್ಯಯನದ ಒಂದು ಸಾಲನ್ನು ಓದುವ ಬಗೆ

ಬಂಟ್ವಾಳ ತಾಲೂಕಿನ ಅಡ್ಯನಡ್ಕ ದಾಟಿದರೆ ಕೇರಳದ ಪೆರ್ಲ, ಅಲ್ಲಿಂದಾಚೆ ಪಡ್ರೆ. ಗೇರುತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದ ಊರು. ಗಡಿಯ ಈಚೆ ಬೆಳ್ತಂಗಡಿಯ ಕೊಕ್ಕಡ, ಪಟ್ರಮೆ, ನಿಡ್ಲೆಯ ಜನರೂ ಇದೇ ವಿಷ ಉಂಡವರು. ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆಯ ಹುಡುಗರ ಬಗ್ಗೆ ನಡೆಸಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಅದರಲ್ಲೊಂದು ಸಾಲಿದೆ: ವೃಷಣ ಇಳಿಯುವಿಕೆಗೆ ಸಂಬಂಧಿಸಿದ ಜನ್ಮಜಾತ ದೋಷಗಳು ವಿಷ ಬಿದ್ದ ಊರಿನ 117 ಹುಡುಗರಲ್ಲಿ ಶೇ. 5.1, ಹೋಲಿಕೆಯ ಊರಿನ 90 ಹುಡುಗರಲ್ಲಿ ಶೇ. 1.1, ಆದರೆ ಈ ವ್ಯತ್ಯಾಸ ‘ಸಂಖ್ಯಾಶಾಸ್ತ್ರೀಯವಾಗಿ ಗಣನೀಯವಲ್ಲ’.

ಇಂಥ ಸಾಲು ಕಂಡ ಕೂಡಲೇ ‘ನೋಡಿ, ಏನೂ ಆಗಿಲ್ಲ’ ಅನ್ನುವವರಿದ್ದಾರೆ. ಹಾಗಾಗಿ ಲೆಕ್ಕ ಬಿಡಿಸಿ ನೋಡೋಣ.

ಶೇಕಡಾವಾರನ್ನು ತಲೆಗೆ ತಿರುಗಿಸಿದರೆ ಇಲ್ಲಿ 6 ಹುಡುಗರು, ಅಲ್ಲಿ 1. ಒಟ್ಟು 7. ಈಗ ‘ವಿಷಕ್ಕೂ ದೋಷಕ್ಕೂ ಸಂಬಂಧವೇ ಇಲ್ಲ’ ಎಂದು ಒಪ್ಪಿಕೊಳ್ಳಿ. ಇದೇ ಶೂನ್ಯ ಕಲ್ಪನೆ. 207 ಚೀಟಿ ಮಾಡಿ, ಏಳಕ್ಕೆ ಗುರುತು ಹಾಕಿ, ಕಲಸಿ, ಕಣ್ಣುಮುಚ್ಚಿ 117 ಎತ್ತಿ. 6–1ರಷ್ಟು ಅಥವಾ ಅದಕ್ಕಿಂತ ಅಪರೂಪದ ಹಂಚಿಕೆ ಎಷ್ಟು ಸಲ ಬರುತ್ತದೆ? ಫಿಶರ್ ಪರೀಕ್ಷೆ ಲೆಕ್ಕ ಹಾಕುವುದು ಇದನ್ನೇ. ‘ಆರ್’ನಲ್ಲಿ ಒಂದೇ ಸಾಲು:

```r
fisher.test(matrix(c(6, 111, 1, 89), nrow = 2))
```

ನನಗೆ ಬಂದ ಪಿ-ಮೌಲ್ಯ ಸುಮಾರು 0.14. ಅಂದರೆ ಸಂಬಂಧ ಇಲ್ಲದಿದ್ದರೂ ನೂರರಲ್ಲಿ 14 ಸಲ ಇಂಥ ಹಂಚಿಕೆ ಆಕಸ್ಮಿಕವಾಗಿ ಬರುತ್ತದೆ. ಗಮನಿಸಿ, ‘ಸಂಬಂಧ ಇಲ್ಲ’ ಎನ್ನುವುದನ್ನು ನಾವು ಮೊದಲ ಹೆಜ್ಜೆಯಲ್ಲೇ ಸತ್ಯವೆಂದು ಒಪ್ಪಿಯಾಗಿದೆ. ಒಪ್ಪಿಕೊಂಡ ಮಾತು ಎಷ್ಟು ಸತ್ಯ ಎಂಬುದು ಅದೇ ಲೆಕ್ಕದ ಕೊನೆಯಲ್ಲಿ ಉತ್ತರವಾಗಿ ಬರಲು ಸಾಧ್ಯವಿಲ್ಲ. ಆದ್ದರಿಂದ ‘ಸಂಬಂಧ ಇಲ್ಲದಿರುವ ಸಾಧ್ಯತೆ ಶೇ. 14’ ಅನ್ನುವುದು ತಪ್ಪು. ಅದನ್ನು ತಿರುವಿ ‘ಶೇ. 86 ವಿಷದ್ದೇ ಕೆಲಸ’ ಅನ್ನುವುದೂ ಅಷ್ಟೇ ತಪ್ಪು.

ಹಾಗಾದರೆ ನಮಗೆ ಬೇಕಾದ ಸಾಧ್ಯತೆ ಎಲ್ಲಿಂದ ಬರುತ್ತದೆ? ಅದಕ್ಕೆ ಇನ್ನೆರಡು ಸಂಗತಿ ಬೇಕು. ಒಂದು, ಎದುರು ಕಲ್ಪನೆ. ವಿಷದಿಂದ ದೋಷದ ಆಡ್ಸ್ ಐದು ಪಟ್ಟಾಗುತ್ತದೆ ಎಂದು ಉದಾಹರಣೆಗೆ ಇಟ್ಟುಕೊಳ್ಳಿ. ಆಗ ಏಳರಲ್ಲಿ ಸರಿಯಾಗಿ 6–1 ಆಗುವ ಸಾಧ್ಯತೆ ಸುಮಾರು 0.40, ಸಂಬಂಧ ಇಲ್ಲದಿದ್ದರೆ ಸುಮಾರು 0.10. ಅಂದರೆ ಈ ದತ್ತಾಂಶ ಸುಮಾರು ನಾಲ್ಕು ಪಟ್ಟು ‘ಸಂಬಂಧ ಇದೆ’ ಎಂಬ ಕಡೆಗೆ ವಾಲುತ್ತದೆ.

ಎರಡನೆಯದು, ಅಧ್ಯಯನಕ್ಕೆ ಮುಂಚೆ ನಾವು ಎಲ್ಲಿ ನಿಂತಿದ್ದೆವು ಎಂಬುದು. ಎರಡೂ ಕಲ್ಪನೆ ಸಮಸಮ ಅಂದುಕೊಂಡಿದ್ದವರಿಗೆ ‘ಸಂಬಂಧ ಇಲ್ಲ’ ಎಂಬ ಸಾಧ್ಯತೆ ಈಗ ಸುಮಾರು ಶೇ. 19ಕ್ಕೆ ಇಳಿಯುತ್ತದೆ. ‘ಸಂಬಂಧ ಇಲ್ಲ’ ಎಂದು ಶೇ. 90ರಷ್ಟು ನಂಬಿದ್ದವರಿಗೆ ಅದು ಸುಮಾರು ಶೇ. 68ರಲ್ಲಿ ನಿಲ್ಲುತ್ತದೆ. ಪಿ-ಮೌಲ್ಯ ಎರಡೂ ಕಡೆ ಅದೇ 0.14, ಉತ್ತರ ಮಾತ್ರ ಬೇರೆ ಬೇರೆ. ಎದುರು ಕಲ್ಪನೆ ಬದಲಿಸಿದರೆ ಈ ಅಂಕಿಗಳೂ ಬದಲಾಗುತ್ತವೆ. ಪಿ-ಮೌಲ್ಯ ಒಂದೇ ಇದನ್ನೆಲ್ಲ ಹೇಳಲಾರದು. ಅಮೆರಿಕನ್ ಸಂಖ್ಯಾಶಾಸ್ತ್ರ ಸಂಘ 2016ರ ಹೇಳಿಕೆಯಲ್ಲಿ ಇದೇ ಎಚ್ಚರಿಕೆ ಕೊಟ್ಟಿದೆ.

ಇನ್ನು ‘ಗಣನೀಯವಲ್ಲ’ ಎಂಬ ಪದ. ಹೋಲಿಕೆಯ ಊರಿನ ಆ ಒಬ್ಬ ಹುಡುಗನ ದೋಷ ಪಡ್ರೆಯ ಹುಡುಗನೊಬ್ಬನಲ್ಲಿ ಕಂಡಿದ್ದರೆ ಹಂಚಿಕೆ 7–0 ಆಗುತ್ತಿತ್ತು, ಪಿ-ಮೌಲ್ಯ ಸುಮಾರು 0.02. ‘ಗಣನೀಯ’! ಒಂದು ಮಗುವಿನ ಮೇಲೆ ತೀರ್ಪು ಮಗುಚುತ್ತದೆ ಅಂದರೆ, ಹೇಳಬೇಕಾದ್ದು ‘ಪರಿಣಾಮ ಇಲ್ಲ’ ಅಂತಲ್ಲ, ‘ಸಂಖ್ಯೆ ಸಾಲದು’ ಅಂತ. ಸರಳ ಸೂತ್ರದಲ್ಲಿ ಆಡ್ಸ್ ಅನುಪಾತದ ಶೇ. 95 ವಿಶ್ವಾಸಾಂತರ ಸುಮಾರು 0.6ರಿಂದ 41ರವರೆಗೆ ಹರಡಿದೆ. ತುಸು ಕಡಿಮೆ ಅಪಾಯದಿಂದ ಹಿಡಿದು ಭಾರೀ ಅಪಾಯದವರೆಗೆ ಎಲ್ಲವೂ ಅದರೊಳಗೆ ಕೂರುತ್ತದೆ.

ಹಾಗಾಗಿ ಮೂಡುಬಿದಿರೆಯ ಕಾಲೇಜಿನಲ್ಲಿ ಕೂತು ಪ್ರಾಜೆಕ್ಟ್ ವರದಿಯ ಚರ್ಚಾ ವಿಭಾಗ ಬರೆಯುವವರು ‘p = 0.14, ಆದ್ದರಿಂದ ಸಂಬಂಧವಿಲ್ಲ’ ಎಂದು ಮುಗಿಸಬೇಡಿ. ಹೀಗೆ ಬರೆಯಿರಿ: ‘ವಿಷಕ್ಕೆ ಒಡ್ಡಿಕೊಂಡ ಗುಂಪಿನಲ್ಲಿ ದೋಷ ಹೆಚ್ಚು ಕಂಡಿತು (6/117, 1/90). ಪ್ರಕರಣಗಳು ಏಳೇ ಇರುವುದರಿಂದ ಅಂದಾಜು ತುಂಬ ಅಸ್ಪಷ್ಟ. ಸಂಬಂಧವನ್ನು ಸಾಬೀತುಪಡಿಸಲೂ ತಳ್ಳಿಹಾಕಲೂ ಈ ಅಂಕಿಗಳು ಸಾಲವು.’

ಅದೇ ಅಧ್ಯಯನದಲ್ಲಿ ಪಡ್ರೆಯ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಪ್ರಮಾಣ ಗಣನೀಯವಾಗಿ ಹೆಚ್ಚಿತ್ತು. ಸುಪ್ರೀಂ ಕೋರ್ಟ್ 2011ರ ಮೇ 13ರಂದು ದೇಶಾದ್ಯಂತ ಅದರ ಉತ್ಪಾದನೆ, ಮಾರಾಟ, ಬಳಕೆ ನಿಲ್ಲಿಸಿದ್ದು ಮುಂಜಾಗ್ರತೆಯ ತತ್ವದ ಮೇಲೆ. ಪಿ-ಮೌಲ್ಯ 0.05ಕ್ಕಿಂತ ಕೆಳಗಿಳಿಯಲಿ ಎಂದು ನ್ಯಾಯಾಲಯ ಕಾದು ಕೂರಲಿಲ್ಲ.