ಪದ ಪರಿಚಯ: ಕರಾರು ಸದೃಶ

ಲ್ಯಾಟಿನ್ನಿನ ‘ಕ್ವಾಸಿ’ ಎಂದರೆ ‘ಎಂಬಂತೆ’. ಕ್ವಾಸಿ ಕಾಂಟ್ರಾಕ್ಟ್ ಕರಾರಲ್ಲ, ಆದರೆ ಕರಾರಾಗಿತ್ತೋ ಎಂಬಂತೆ ಕಾನೂನು ಹಣ ಕೊಡಿಸುತ್ತದೆ. ‘ಅರೆ ಒಪ್ಪಂದ’ ಎಂಬ ಅನುವಾದ ನನಗೆ ಒಪ್ಪಿಗೆಯಿಲ್ಲ. ಇಲ್ಲಿ ಒಪ್ಪಂದ ಅರೆಪಾಲೂ ಇಲ್ಲ. 1872ರ ಕರಾರು ಕಾಯ್ದೆಯೂ ಎಚ್ಚರದಿಂದ ‘ಕರಾರಿನ ಸಂಬಂಧಗಳನ್ನು ಹೋಲುವ’ ಸಂಬಂಧಗಳು ಎಂದಷ್ಟೇ ಹೇಳಿದೆ.

ಅದರ 70ನೇ ಕಲಮಿನ ಉದಾಹರಣೆ ನೋಡಿ. ವ್ಯಾಪಾರಿಯೊಬ್ಬ ತಪ್ಪಿ ನಿಮ್ಮ ಮನೆಯಲ್ಲಿ ಸರಕು ಇಳಿಸಿ ಹೋದ. ನೀವು ಅದನ್ನು ನಿಮ್ಮದೆಂದೇ ಬಳಸಿದಿರಿ. ಸಹಿಯಿಲ್ಲ, ಮಾತಿಲ್ಲ, ಆದರೂ ಬೆಲೆ ಕೊಡಬೇಕು. ಪರರ ನಷ್ಟದಲ್ಲಿ ನಿಮಗೆ ಬಂದ ಈ ಲಾಭಕ್ಕೆ ‘ಅನ್ಯಾಯದ ಲಾಭ’ ಎಂದು ಹೆಸರು. ಬಳಸದೆ ಹಿಂದಿರುಗಿಸಿದರೆ ಋಣವಿಲ್ಲ. ಬೆಂಕಿಯಿಂದ ನಿಮ್ಮ ಸೊತ್ತನ್ನು ಉಚಿತವಾಗಿಯೇ ಕಾಪಾಡಿದವನು ಆಮೇಲೆ ಕೂಲಿ ಕೇಳುವಂತಿಲ್ಲ.

ಪಶ್ಚಿಮ ಬಂಗಾಳ ಸರ್ಕಾರ ಮತ್ತು ಬಿ.ಕೆ. ಮಂಡಲ್ ಮೊಕದ್ದಮೆಯಲ್ಲಿ ಅಧಿಕಾರಿಗಳು ಕಟ್ಟಡ ಕಟ್ಟಿಸಿಕೊಂಡಿದ್ದರು, ವಿಧಿಬದ್ಧ ಕರಾರು ಇರಲಿಲ್ಲ. ಕರಾರು ಅಸಿಂಧುವೆಂದು ಸರ್ಕಾರ ವಾದಿಸಿತು. ಅದು ನಿಜವಾದರೂ, ಕಟ್ಟಡವನ್ನು ಸ್ವೀಕರಿಸಿ ಬಳಸಿದ್ದಕ್ಕೆ ಸರ್ಕಾರ ಹಣ ಕೊಡಬೇಕೆಂದೇ ಸುಪ್ರೀಂ ಕೋರ್ಟ್ ತೀರ್ಪಿತ್ತಿತು.