ಅವಲಂಬನೆಯ ಸ್ಥಿರೀಕರಣ: ಶಾಖೆ, ಟ್ಯಾಗ್ ಮತ್ತು ಕಮಿಟ್ ಹ್ಯಾಶ್

ಒಂದು ತಂತ್ರಾಂಶವು ತನ್ನ ಕಾರ್ಯನಿರ್ವಹಣೆಗಾಗಿ ಪರರು ಬರೆದ ಕೋಡನ್ನು ಆಶ್ರಯಿಸಿದಾಗ, ಆ ಕೋಡಿನ ಯಾವ ರೂಪವನ್ನು ತಾನು ಸ್ವೀಕರಿಸುತ್ತೇನೆಂಬುದನ್ನು ನಿಶ್ಚಿತವಾಗಿ ನಮೂದಿಸಿಡುವ ಕ್ರಮಕ್ಕೆ ಅವಲಂಬನೆಯ ಸ್ಥಿರೀಕರಣವೆಂದು ಹೆಸರು; ವೃತ್ತಿಯಲ್ಲಿರುವವರು ಇದನ್ನು ಡಿಪೆಂಡೆನ್ಸಿಯನ್ನು ‘ಪಿನ್ ಮಾಡುವುದು’ ಎನ್ನುತ್ತಾರೆ. ನಮೂದಿಸುವ ವಿಧಾನಗಳು ಮುಖ್ಯವಾಗಿ ಮೂರು: ದಿನದಿನಕ್ಕೆ ಮುಂದೆ ಸಾಗುವ ಶಾಖೆಯ ಹೆಸರು, ಒಂದು ಬಿಡುಗಡೆಗೆ ಅಂಟಿಸಿದ ಟ್ಯಾಗಿನ ಹೆಸರು, ಮತ್ತು ಕಮಿಟ್ಟಿನ ಪೂರ್ಣ ಹ್ಯಾಶ್. ಇವುಗಳಲ್ಲಿ ಮೊದಲನೆಯದು ಚಂಚಲ, ಉಳಿದೆರಡು ಸ್ಥಿರ ಎಂಬ ಭಾವನೆ ಬಹುಕಾಲ ರೂಢಿಯಲ್ಲಿದ್ದಿತು. ಆ ಭಾವನೆಯ ಅರ್ಧಭಾಗ ಹೇಗೆ ಸಡಿಲವಾಯಿತೆಂಬುದೇ ಈ ವಿಷಯದ ಇತಿಹಾಸದಲ್ಲಿ ಮುಖ್ಯವಾಗಿ ಅರಿಯತಕ್ಕ ಅಂಶವಾಗಿದೆ.

ಮೂಲಸ್ವರೂಪ. ಲಿನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲಿನಲ್ಲಿ ಲಿನಕ್ಸ್ ಕರ್ನೆಲ್ಲಿನ ಉಪಯೋಗಕ್ಕಾಗಿ ರಚಿಸಿದ ಗಿಟ್ ವ್ಯವಸ್ಥೆಯಲ್ಲಿ ಪ್ರತಿಯೊಂದು ವಸ್ತುವೂ ತನ್ನ ಒಳವಿಷಯದಿಂದಲೇ ತನ್ನ ಗುರುತನ್ನು ಪಡೆಯುತ್ತದೆ. ಕಮಿಟ್ ಎಂಬುದರಲ್ಲಿ ಸಮಸ್ತ ಕಡತಗಳ ವೃಕ್ಷದ ಹ್ಯಾಶ್, ಹಿಂದಿನ ಕಮಿಟ್ಟಿನ ಹ್ಯಾಶ್, ಕರ್ತೃವಿನ ಹೆಸರು, ಕಾಲ ಮತ್ತು ಟಿಪ್ಪಣಿ ಇರುತ್ತವೆ. ಇವೆಲ್ಲವನ್ನೂ ಕೂಡಿಸಿ SHA-1 ಗಣಿತಕ್ಕೆ ಒಪ್ಪಿಸಿದಾಗ ಹೊರಬರುವ ನಲವತ್ತು ಷೋಡಶಮಾನ ಅಕ್ಷರಗಳೇ ಆ ಕಮಿಟ್ಟಿನ ಗುರುತು. ಯಾವುದೋ ಕಡತದ ಯಾವುದೋ ಮೂಲೆಯಲ್ಲಿ ಒಂದು ಬೈಟ್ ಬದಲಾದರೂ ಗುರುತು ಸಂಪೂರ್ಣವಾಗಿ ಬೇರೆಯಾಗುತ್ತದೆಯಾದುದರಿಂದ, ಹ್ಯಾಶನ್ನು ನಮೂದಿಸಿದವನು ಕೋಡಿನ ವಿಳಾಸವನ್ನಲ್ಲ, ಕೋಡನ್ನೇ ನಮೂದಿಸಿದಂತಾಗುತ್ತದೆ.

ಶಾಖೆ ಮತ್ತು ಟ್ಯಾಗುಗಳಾದರೋ ಕೇವಲ ಹೆಸರುಗಳು. ಗಿಟ್ ಭಂಡಾರವೊಂದರ `.git/refs/heads` ಎಂಬಲ್ಲಿರುವ ಶಾಖೆಯ ಕಡತವನ್ನು ತೆರೆದು ನೋಡಿದರೆ ಒಳಗೆ ಕಾಣುವುದು ನಲವತ್ತು ಅಕ್ಷರಗಳ ಒಂದು ಹ್ಯಾಶ್ ಮಾತ್ರ. `.git/refs/tags` ಎಂಬಲ್ಲಿನ ಟ್ಯಾಗ್ ಕಡತವನ್ನು ತೆರೆದರೂ ಕಾಣುವುದು ಅದೇ. ಹೊಸ ಕಮಿಟ್ ಬಂದಾಗ ಶಾಖೆಯು ತಾನಾಗಿ ಅದರ ಕಡೆಗೆ ಸರಿಯುತ್ತದೆ, ಟ್ಯಾಗ್ ಸರಿಯುವುದಿಲ್ಲ. ಆದರೆ `git tag -f` ಎಂದು ಒತ್ತಾಯಪಡಿಸಿ, ಅನಂತರ `git push --force --tags` ಎಂದು ಮೇಲೇರಿಸುವ ಅಧಿಕಾರವುಳ್ಳವನಿಗೆ ಟ್ಯಾಗನ್ನು ಸರಿಸುವುದು ಕ್ಷಣದ ಕೆಲಸ. ಮನೆಯ ಸಂಖ್ಯೆ ಅದೇ ಇದ್ದು ಒಳಗಿನ ಬಾಡಿಗೆದಾರ ಬದಲಾದಂತೆ, ಹೆಸರು ನಿಂತಲ್ಲಿಯೇ ನಿಂತು ವಸ್ತುವು ಬೇರೆಯಾಗಬಹುದು.

ಗಿಟ್ಟಿನ ಕರ್ತೃಗಳಿಗೆ ಈ ಅಪಾಯ ತಿಳಿಯದೆ ಇರಲಿಲ್ಲ. ಒಮ್ಮೆ ಪ್ರಕಟಿಸಿದ ಟ್ಯಾಗನ್ನು ಬದಲಿಸಕೂಡದೆಂದು ಅದರ ಕೈಪಿಡಿಯೇ ಎಚ್ಚರಿಸುತ್ತದೆ. 2018ರ ಡಿಸೆಂಬರಿನಲ್ಲಿ ಬಂದ 2.20ನೆಯ ಆವೃತ್ತಿಯಿಂದ ಮುಂದೆ, ದೂರದ ಭಂಡಾರದಲ್ಲಿ ಟ್ಯಾಗ್ ಬದಲಾಗಿದ್ದರೆ `git fetch` ಆಜ್ಞೆಯು ನಮ್ಮಲ್ಲಿರುವ ಹಳೆಯ ಟ್ಯಾಗನ್ನು ಸದ್ದಿಲ್ಲದೆ ಅಳಿಸಿಹಾಕದೆ ನಿರಾಕರಿಸುತ್ತದೆ. ಆದರೆ ಈ ರಕ್ಷೆ ಹಳೆಯ ಪ್ರತಿಯನ್ನು ಇಟ್ಟುಕೊಂಡಿರುವ ಯಂತ್ರಕ್ಕೆ ಮಾತ್ರ ದೊರಕುವಂಥದು. ಪ್ರತಿ ಬಾರಿಯೂ ಹೊಸದಾಗಿ ಹುಟ್ಟಿ, ಕೋಡನ್ನು ತರಿಸಿ, ಪರೀಕ್ಷೆಗಳನ್ನು ನಡೆಸಿ, ಅಳಿದುಹೋಗುವ ಬಿಲ್ಡ್ ಯಂತ್ರಕ್ಕೆ ನಿನ್ನೆಯ ನೆನಪೇ ಇಲ್ಲವಾದ್ದರಿಂದ, ಟ್ಯಾಗ್ ಸರಿದಿದೆಯೆಂದು ಅದು ತಿಳಿಯುವ ಬಗೆಯಿಲ್ಲ.

ಶಾಖೆಯನ್ನು ನಂಬಿದ ಕಾಲ. ಸ್ಥಿರೀಕರಣದ ಆದ್ಯ ಉದಾಹರಣೆಗಳಲ್ಲೊಂದು ಗಿಟ್ಟಿನೊಳಗೇ ಇದೆ: 2007ರಲ್ಲಿ ಬಂದ ಸಬ್‌ಮಾಡ್ಯೂಲ್ ಎಂಬ ಸೌಲಭ್ಯವು ಒಂದು ಭಂಡಾರದೊಳಗೆ ಮತ್ತೊಂದನ್ನು ಅದರ ಕಮಿಟ್ ಹ್ಯಾಶಿನಿಂದಲೇ ಗುರುತಿಸುತ್ತಿತ್ತು. ಹೀಗಿದ್ದರೂ ಅನಂತರ ಬಂದ ಕೆಲವು ಸಾಧನಗಳು ಸುಲಭಮಾರ್ಗವನ್ನೇ ಹಿಡಿದವು. ಗೋ ಭಾಷೆಯ `go get` ಆಜ್ಞೆಯು ಬಹುಕಾಲ ಇತರರ ಭಂಡಾರದ ಮುಖ್ಯಶಾಖೆಯ ತುದಿಯನ್ನೇ ತಂದುಕೊಡುತ್ತಿದ್ದಿತು. ಬೆಳಗ್ಗೆ ಬಿಲ್ಡ್ ಆದದ್ದು ಮಧ್ಯಾಹ್ನ ಮುರಿದರೆ, ತನ್ನ ಕೋಡಿನಲ್ಲಿ ಒಂದಕ್ಷರವನ್ನೂ ಬದಲಿಸದ ಪ್ರೋಗ್ರಾಮರನು ದೋಷವನ್ನು ಎಲ್ಲಿ ಹುಡುಕಬೇಕೆಂದು ತಿಳಿಯದೆ ತಬ್ಬಿಬ್ಬಾಗುತ್ತಿದ್ದನು. 2018ರ ಆಗಸ್ಟಿನಲ್ಲಿ ಪ್ರಕಟವಾದ ಗೋ 1.11ರಲ್ಲಿ ಮಾಡ್ಯೂಲುಗಳ ಪದ್ಧತಿ ಕಾಲಿಟ್ಟ ಬಳಿಕ ಈ ಸ್ಥಿತಿ ಬದಲಾಯಿತು. ಅದರಲ್ಲಿ ಆವೃತ್ತಿಯ ಹೆಸರಿನ ಜೊತೆಗೆ `go.sum` ಎಂಬ ಕಡತದಲ್ಲಿ ಒಳವಿಷಯದ ಹ್ಯಾಶೂ ದಾಖಲಾಗುತ್ತದೆ; ಟ್ಯಾಗನ್ನು ಯಾರಾದರೂ ಸರಿಸಿದಲ್ಲಿ ಲೆಕ್ಕ ತಾಳೆಯಾಗದೆ `checksum mismatch` ಎಂದು ಕೆಲಸ ನಿಲ್ಲುತ್ತದೆ. ಓದುವವನಿಗೆ ಹೆಸರು, ಯಂತ್ರಕ್ಕೆ ಹ್ಯಾಶ್ ಎಂಬ ಈ ದ್ವಿವಿಧ ನಮೂದು, ಈ ಲೇಖಕನ ದೃಷ್ಟಿಯಲ್ಲಿ, ಇಡೀ ಕ್ಷೇತ್ರದಲ್ಲಿ ದೊರೆತ ಅತ್ಯಂತ ಸಮಾಧಾನಕರವಾದ ಪರಿಹಾರವಾಗಿದೆ.

ಸರಿಯುವ ಟ್ಯಾಗಿನ ರೂಢಿ. ಇದೇ ಕಾಲದಲ್ಲಿ ಮತ್ತೊಂದು ದಿಕ್ಕಿನಲ್ಲಿ ವಿಪರೀತವಾದ ಬೆಳವಣಿಗೆ ನಡೆಯಿತು. 2018ರಲ್ಲಿ ಘೋಷಿತವಾಗಿ 2019ರಲ್ಲಿ ಸಾರ್ವತ್ರಿಕವಾದ ಗಿಟ್‌ಹಬ್ ಆಕ್ಷನ್ಸ್ ಎಂಬ ವ್ಯವಸ್ಥೆಯಲ್ಲಿ, ಬಿಲ್ಡಿನ ಒಂದೊಂದು ಹಂತಕ್ಕೂ ಪರರ ಭಂಡಾರದಲ್ಲಿರುವ ಸಿದ್ಧ ‘ಆಕ್ಷನ್’ ಒಂದನ್ನು ಒಂದೇ ಸಾಲಿನಲ್ಲಿ ಕರೆಯಬಹುದು. ಆ ಸಾಲನ್ನು ಮೂರು ಬಗೆಯಲ್ಲಿ ಬರೆಯುವುದು ಸಾಧ್ಯ:

```
uses: actions/checkout@main
uses: actions/checkout@v4
uses: actions/checkout@11bd71901bbe5b1630ceea73d27597364c9af683 # v4.2.2
```

ಎರಡನೆಯ ಸಾಲಿನ `v4` ಎಂಬುದು ನೋಟಕ್ಕೆ ಟ್ಯಾಗ್, ಆಚರಣೆಯಲ್ಲಿ ಶಾಖೆ. ಏಕೆಂದರೆ 4.1, 4.2 ಎಂದು ಹೊಸ ಬಿಡುಗಡೆಗಳು ಬಂದಂತೆಲ್ಲ `v4` ಟ್ಯಾಗನ್ನು ಬಲವಂತವಾಗಿ ಮುಂದಕ್ಕೆ ಸರಿಸಬೇಕೆಂದು ಆಕ್ಷನ್ನುಗಳ ಕರ್ತೃಗಳಿಗೆ ಗಿಟ್‌ಹಬ್ಬಿನ ಮಾರ್ಗದರ್ಶನವೇ ಬೋಧಿಸಿತು. ಬಳಸುವವನಿಗೆ ದೋಷನಿವಾರಣೆಗಳು ತಾವಾಗಿ ಬಂದು ಸೇರಲಿ ಎಂಬ ಸದುದ್ದೇಶ ಇದರ ಹಿಂದೆ ಇದ್ದಿತೆಂಬುದು ನಿಜ. ಆದರೆ ಟ್ಯಾಗ್ ಸರಿಯುವುದು ದೈನಂದಿನ ಸಂಗತಿಯಾದ ಮೇಲೆ, ದುರುದ್ದೇಶದಿಂದ ಸರಿಸಿದ ಟ್ಯಾಗನ್ನು ಕಂಡು ಯಾರೂ ಹುಬ್ಬೇರಿಸುವ ಕಾರಣವೇ ಉಳಿಯಲಿಲ್ಲ.

2025ರ ಮಾರ್ಚ್ ತಿಂಗಳ ಪ್ರಕರಣ. ಒಂದು ಬದಲಾವಣೆಯಲ್ಲಿ ಯಾವ ಯಾವ ಕಡತಗಳು ತಿದ್ದಲ್ಪಟ್ಟಿವೆ ಎಂಬುದನ್ನು ಹೇಳುವ `tj-actions/changed-files` ಎಂಬ ಸಾಧಾರಣ ಆಕ್ಷನ್ ಒಂದು 23,000ಕ್ಕೂ ಹೆಚ್ಚು ಭಂಡಾರಗಳಲ್ಲಿ ಬಳಕೆಯಲ್ಲಿದ್ದಿತು. ಇದಕ್ಕೆ ಒದಗಿದ ವಿಪತ್ತಿನ ಬೇರು ಮಾತ್ರ ಬೇರೊಂದು ಕಡೆಯಲ್ಲಿದ್ದಿತು. ಮಾರ್ಚ್ 11ರಂದು `reviewdog/action-setup` ಎಂಬ ಇನ್ನೊಂದು ಆಕ್ಷನ್ನಿನ `v1` ಟ್ಯಾಗನ್ನು ಆಕ್ರಮಣಕಾರರು ಸುಮಾರು ಎರಡು ಗಂಟೆಗಳ ಕಾಲ ದುಷ್ಟ ಕಮಿಟ್ಟಿನ ಕಡೆಗೆ ತಿರುಗಿಸಿ, ಮತ್ತೆ ಮೊದಲಿನಂತಿರಿಸಿದರು. `tj-actions` ಸಂಸ್ಥೆಯದೇ ಆದ `eslint-changed-files` ಎಂಬ ಆಕ್ಷನ್ ಆ `v1` ಅನ್ನು ಟ್ಯಾಗಿನ ಹೆಸರಿನಿಂದ ಕರೆಯುತ್ತಿದ್ದಿತು. `changed-files` ಭಂಡಾರವು ತನ್ನ ಪರೀಕ್ಷೆಗಳಲ್ಲಿ ಆ ಆಕ್ಷನ್ನನ್ನು, ಭಂಡಾರಕ್ಕೆ ಬರೆಯುವ ಅಧಿಕಾರವುಳ್ಳ ಟೋಕನ್ ಒಂದರ ಸಮೇತ, ನಡೆಸುತ್ತಿದ್ದಿತು. ಹೀಗೆ ಟೋಕನ್ ಕೈತಪ್ಪಿತೆಂದು ತನಿಖೆ ಮಾಡಿದವರು ನಿರ್ಣಯಿಸಿದ್ದಾರೆ.

ಮಾರ್ಚ್ 14ರಂದು `changed-files` ಆಕ್ಷನ್ನಿನ ಬಹುಮಟ್ಟಿಗೆ ಎಲ್ಲ ಟ್ಯಾಗುಗಳನ್ನೂ, ವರ್ಷಗಳ ಹಿಂದಿನ `v1.0.0` ಮೊದಲುಗೊಂಡು ಅಂದಿನ `v45`ರವರೆಗೆ, ಒಂದೇ ಕಮಿಟ್ಟಿಗೆ ತಿರುಗಿಸಲಾಯಿತು. ಆ ಕಮಿಟ್ಟಿನ ಹ್ಯಾಶ್ `0e58ed8` ಎಂದು ಆರಂಭವಾಗುತ್ತಿದ್ದಿತು. ಅವಲಂಬನೆಗಳನ್ನು ನವೀಕರಿಸುವ ರೆನೊವೇಟ್ ಎಂಬ ಪರಿಚಿತ ಬಾಟ್‌ನ ಹೆಸರನ್ನು ಕರ್ತೃವೆಂದು ಅದರಲ್ಲಿ ಬರೆದಿದ್ದರು, ಆದರೆ ಸಹಿಯ ದೃಢೀಕರಣವಿರಲಿಲ್ಲ. ಅದರೊಳಗಿನ ಕೋಡು ಹೊರಗಿನಿಂದ ಒಂದು ಪೈಥಾನ್ ಸ್ಕ್ರಿಪ್ಟನ್ನು ತರಿಸಿ, ಬಿಲ್ಡ್ ಯಂತ್ರದ `Runner.Worker` ಪ್ರಕ್ರಿಯೆಯ ಸ್ಮೃತಿಯನ್ನು ಶೋಧಿಸಿ, ಅಲ್ಲಿ ಸಿಕ್ಕಿದ ಪಾಸ್‌ವರ್ಡು, ಟೋಕನ್ನುಗಳನ್ನು ಎರಡು ಬಾರಿ ಬೇಸ್64 ರೂಪಕ್ಕೆ ಮಾರ್ಪಡಿಸಿ ಬಿಲ್ಡಿನ ಲಾಗಿನಲ್ಲಿ ಮುದ್ರಿಸುತ್ತಿದ್ದಿತು. ಎರಡು ಬಾರಿ ಮಾರ್ಪಡಿಸಿದುದಕ್ಕೆ ಕಾರಣವುಂಟು: ಲಾಗಿನಲ್ಲಿ ರಹಸ್ಯಗಳು ಕಂಡರೆ ಗಿಟ್‌ಹಬ್ ಅವನ್ನು ನಕ್ಷತ್ರಚಿಹ್ನೆಗಳಿಂದ ಮುಚ್ಚಿಬಿಡುತ್ತದೆ, ರೂಪಾಂತರಗೊಂಡವು ಆ ಕಣ್ಣಿಗೆ ಬೀಳುವುದಿಲ್ಲ. ಸಾರ್ವಜನಿಕ ಭಂಡಾರಗಳ ಲಾಗುಗಳನ್ನು ಪರರೂ ನೋಡಬಹುದಾದ್ದರಿಂದ, ಕದ್ದುದನ್ನು ಬೇರೆಲ್ಲಿಗೂ ಸಾಗಿಸುವ ಅಗತ್ಯವೇ ಕಳ್ಳನಿಗೆ ಬೀಳಲಿಲ್ಲ. ಮರುದಿನ ಗಿಟ್‌ಹಬ್ ಆ ಆಕ್ಷನ್ನನ್ನು ತಾತ್ಕಾಲಿಕವಾಗಿ ತೆಗೆದುಹಾಕಿತು. ಶುದ್ಧೀಕರಿಸಿದ `v46.0.1` ಅನಂತರ ಬಂದಿತು. ಪ್ರಕರಣಕ್ಕೆ CVE-2025-30066 ಎಂಬ ಸಂಖ್ಯೆಯಿದೆ.

ಆ ಎರಡು ದಿನಗಳಲ್ಲಿ ಭಂಡಾರದ ಟ್ಯಾಗುಗಳನ್ನು ಯಾರಾದರೂ ಪಟ್ಟಿಮಾಡಿ ನೋಡಿದ್ದರೆ ಮೋಸವು ಕಣ್ಣಿಗೆ ರಾಚುವಂತಿದ್ದಿತು:

```
git ls-remote --tags https://github.com/tj-actions/changed-files
```

ಈ ಆಜ್ಞೆಯು ಎಡಗಡೆ ಹ್ಯಾಶನ್ನೂ ಬಲಗಡೆ ಹೆಸರನ್ನೂ ತೋರಿಸುತ್ತದೆ. ನೂರಾರು ಆವೃತ್ತಿಗಳು ಒಂದೇ ಹ್ಯಾಶನ್ನು ಹೊತ್ತು ಸಾಲಾಗಿ ನಿಲ್ಲುವುದು ಪ್ರಾಮಾಣಿಕ ಬಿಡುಗಡೆಯಲ್ಲಿ ಎಂದೂ ಸಂಭವಿಸದು. ಹಳೆಯ, ಸ್ವಚ್ಛವಾದ ಕಮಿಟ್ಟಿನ ಪೂರ್ಣ ಹ್ಯಾಶನ್ನು ನಮೂದಿಸಿದ್ದವರಿಗೆ ಈ ಘಟನೆಯಿಂದ ತೊಂದರೆಯಾಗಲಿಲ್ಲ. `v45` ಎಂದು ಬರೆದಿದ್ದವರಿಗೂ, ಬಹು ಎಚ್ಚರಿಕೆಯಿಂದ `v35.0.0` ಎಂದು ಹಳೆಯ ಆವೃತ್ತಿಗೇ ಅಂಟಿಕೊಂಡಿದ್ದವರಿಗೂ ಆದ ಗತಿ ಒಂದೇ.

ಹ್ಯಾಶಿನ ಮಿತಿಗಳು. ಹ್ಯಾಶನ್ನು ನಮೂದಿಸುವವನು ಕೆಲವು ಸೂಕ್ಷ್ಮಗಳನ್ನು ಗಮನಿಸತಕ್ಕದ್ದು. ಟಿಪ್ಪಣಿಸಹಿತವಾದ ಟ್ಯಾಗಿಗೆ ತನ್ನದೇ ಆದ ಪ್ರತ್ಯೇಕ ಹ್ಯಾಶ್ ಇರುತ್ತದೆ; ಬೇಕಾದದ್ದು ಅದಲ್ಲ, ಅದು ತೋರಿಸುವ ಕಮಿಟ್ಟಿನದು. ಮೇಲಿನ ಆಜ್ಞೆಯ ಪಟ್ಟಿಯಲ್ಲಿ ಅಂಥ ಟ್ಯಾಗು ಎರಡು ಸಾಲುಗಳಲ್ಲಿ ಬರುವುದರಿಂದ, ಹೆಸರಿನ ಕೊನೆಗೆ `^{}` ಎಂಬ ಗುರುತುಳ್ಳ ಸಾಲನ್ನೇ ಆರಿಸಿಕೊಳ್ಳಬೇಕು. ಇನ್ನು, ಗಿಟ್‌ಹಬ್ಬಿನಲ್ಲಿ ಒಂದು ಭಂಡಾರವೂ ಅದರ ಫೋರ್ಕುಗಳೂ ವಸ್ತುಸಂಗ್ರಹವನ್ನು ಹಂಚಿಕೊಂಡಿರುವುದರಿಂದ, ಅಪರಿಚಿತನ ಫೋರ್ಕಿನಲ್ಲಿರುವ ಕಮಿಟ್ ಮೂಲಭಂಡಾರದ ಹೆಸರಿನಲ್ಲಿಯೂ ದೊರೆಯುತ್ತದೆ; ಆದಕಾರಣ ಬೇರೆಯವರು ಕಳುಹಿಸಿದ ತಿದ್ದುಪಡಿಯಲ್ಲಿ ಹೊಸ ಹ್ಯಾಶ್ ಕಂಡಾಗ, ಆ ಕಮಿಟ್ ಮೂಲಭಂಡಾರದ ಯಾವುದಾದರೊಂದು ಶಾಖೆಯಲ್ಲಿ ನಿಜವಾಗಿ ಇದೆಯೇ ಎಂದು ನೋಡಬೇಕು. ಹ್ಯಾಶಿನ ಪಕ್ಕದ `# v4.2.2` ಎಂಬ ಟಿಪ್ಪಣಿ ಮನುಷ್ಯರ ಅನುಕೂಲಕ್ಕೆ ಮಾತ್ರ. ಅದು ಸುಳ್ಳಾಗಿದ್ದರೂ ಯಂತ್ರ ಕೇಳುವುದಿಲ್ಲ.

ಇವೆಲ್ಲಕ್ಕಿಂತ ದೊಡ್ಡ ಕೊರತೆಯನ್ನು ಮೇಲಿನ ಪ್ರಕರಣವೇ ತೋರಿಸಿದೆ. ನಾವು ಹ್ಯಾಶಿನಿಂದ ಬಂಧಿಸಿದ ಆಕ್ಷನ್ ತನ್ನೊಳಗೆ ಮತ್ತೊಂದನ್ನು `v1` ಎಂದು ಸಡಿಲವಾಗಿ ಕರೆಯುತ್ತಿದ್ದರೆ, ನಮ್ಮ ಬಂಧನ ಹೊರಬಾಗಿಲಿಗೆ ಮಾತ್ರ. ಮತ್ತು ಬಂಧಿಸಿದ್ದು ತಾನಾಗಿ ಹೊಸತಾಗುವುದಿಲ್ಲವಾದ್ದರಿಂದ, ಡಿಪೆಂಡಬಾಟ್, ರೆನೊವೇಟ್ ಮುಂತಾದ ಸಾಧನಗಳ ಮೂಲಕ ಹ್ಯಾಶನ್ನು ಕಾಲಕಾಲಕ್ಕೆ ಮುಂದಕ್ಕೆ ಸರಿಸಬೇಕಾಗುತ್ತದೆ. ಹೊಸ ಬಿಡುಗಡೆ ಬಂದ ಗಳಿಗೆಯಲ್ಲಿಯೇ ಪರೀಕ್ಷಿಸದೆ ಮುಂದಕ್ಕೆ ಸರಿಸುವವನು ದುಷ್ಟ ಕಮಿಟ್ಟನ್ನೇ ಭದ್ರವಾಗಿ ಬಂಧಿಸಿಕೊಳ್ಳುವ ಸಂಭವವಿದೆ. SHA-1 ಗಣಿತದ ವಿಚಾರವಾಗಿ, 2017ರ ಫೆಬ್ರವರಿಯಲ್ಲಿ ಗೂಗಲ್ ಸಂಸ್ಥೆಯೂ ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಸ್ಥೆಯೂ ಒಂದೇ ಹ್ಯಾಶ್ ಉಳ್ಳ ಎರಡು ಭಿನ್ನ ಪಿಡಿಎಫ್ ಕಡತಗಳನ್ನು ರಚಿಸಿ ತೋರಿಸಿದುವು. ಅದೇ ವರ್ಷ ಗಿಟ್ 2.13 ಇಂಥ ಕೃತಕ ಸಂಘಟ್ಟನೆಗಳನ್ನು ಗುರುತಿಸುವ ಪರೀಕ್ಷೆಯನ್ನು ಅಳವಡಿಸಿಕೊಂಡಿತು. ಟ್ಯಾಗನ್ನು ಸರಿಸಲು ಕದ್ದ ಒಂದು ಟೋಕನ್ ಸಾಕಾಗಿರುವಾಗ ಆ ಕಷ್ಟಮಾರ್ಗವನ್ನು ಹಿಡಿಯುವವರು ವಿರಳ.

ಅನಂತರದ ಸ್ಥಿತಿ. 2025ರ ಆಗಸ್ಟಿನಲ್ಲಿ ಗಿಟ್‌ಹಬ್, ಪೂರ್ಣ ಕಮಿಟ್ ಹ್ಯಾಶಿನಿಂದ ನಮೂದಿಸದ ಆಕ್ಷನ್ನುಗಳನ್ನು ನಡೆಯಗೊಡದಂತೆ ತಡೆಯುವ ನಿಯಮವೊಂದನ್ನು ಸಂಸ್ಥೆಗಳ ಆಡಳಿತಗಾರರ ಕೈಗಿತ್ತಿತು. ಅದೇ ವರ್ಷದ ಅಕ್ಟೋಬರಿನಲ್ಲಿ, ಪ್ರಕಟವಾದ ಬಿಡುಗಡೆಯ ಟ್ಯಾಗನ್ನು ಸರಿಸಲಾಗದಂತೆ ಬಿಗಿಯುವ ಸೌಲಭ್ಯವನ್ನೂ ಎಲ್ಲರಿಗೂ ಒದಗಿಸಿತು. ಎರಡೂ ಐಚ್ಛಿಕವಾದವು. ಎರಡನೆಯದನ್ನು ಭಂಡಾರದ ಒಡೆಯನೇ ಆರಿಸಿಕೊಳ್ಳಬೇಕಾಗಿದ್ದು, ಆರಿಸಿಕೊಂಡ ಬಳಿಕ ಮಾಡಿದ ಬಿಡುಗಡೆಗಳಿಗೆ ಮಾತ್ರ ಅದು ಅನ್ವಯಿಸುತ್ತದೆ. ಹಳೆಯ ಟ್ಯಾಗುಗಳು ಈಗಲೂ ಸರಿಸಬಹುದಾದವುಗಳೇ ಆಗಿ ಉಳಿದಿವೆ.