ಅಟ್ಲಾಸ್ ಏನನ್ನು ಕುಗ್ಗಿಸುತ್ತದೆ? ಅಗ್ಗದ ಫೋನ್‌ಗಳ ಆಟಗಳಲ್ಲಿ ಚಿತ್ರದ ಹಾಳೆ ಮತ್ತು ಟೆಕ್ಸ್ಚರ್ ಸಂಕೋಚನ

ಎರಡು ಆಯಾಮದ ಮೊಬೈಲ್ ಆಟ ಕಟ್ಟುವವರಲ್ಲಿ ಒಂದು ಮಾತು ಬಹುಕಾಲದಿಂದ ಪ್ರಶ್ನೆಯಿಲ್ಲದೆ ನಡೆದುಬಂದಿದೆ. ಬಿಡಿ ಚಿತ್ರಗಳನ್ನೆಲ್ಲ ಒಂದು ಸ್ಪ್ರೈಟ್ ಅಟ್ಲಾಸಿನಲ್ಲಿ ಜೋಡಿಸಿ, ಅದಕ್ಕೆ ಟೆಕ್ಸ್ಚರ್ ಸಂಕೋಚನ ಹಚ್ಚಿದರೆ ಬಿಲ್ಡ್ ಗಾತ್ರ ಇಳಿಯುತ್ತದೆ ಎಂಬುದೇ ಆ ಮಾತು. ಇದರ ಎರಡನೆಯ ಅರ್ಧದ ಬಗ್ಗೆ ನನಗೆ ತಕರಾರಿಲ್ಲ. ಮೊದಲ ಅರ್ಧ ಮಾತ್ರ ತಪ್ಪು ಕಾರಣಕ್ಕೆ ತಪ್ಪು ಸಾಧನವನ್ನು ಹೊಗಳುತ್ತದೆ ಎಂಬುದು ಈ ಲೇಖನದ ವಾದ. ಅಟ್ಲಾಸಿನ ಹೆಸರಿನಲ್ಲಿ ಉಳಿತಾಯವಾಗುವ ಜಾಗದಲ್ಲಿ ಹೆಚ್ಚಿನ ಪಾಲು ಖಾಲಿ ಅಂಚಿನ ಕತ್ತರಿಕೆಯಿಂದ ಬಂದದ್ದು. ಅದೂ ಮೆಮೊರಿಯಲ್ಲಿ ಆಗುವ ಉಳಿತಾಯವೇ ಹೊರತು ಡೌನ್‌ಲೋಡಿನಲ್ಲಲ್ಲ.

ಹಿಂದಿನ ಕೆಲಸವನ್ನು ಚುಟುಕಾಗಿ ನೆನೆಯಬಹುದು. ಬೀರ್ಸ್, ಅಗ್ರವಾಲಾ ಮತ್ತು ಚಡ್ಡಾ 1996ರ ಪ್ರಬಂಧದಲ್ಲಿ ಟೆಕ್ಸ್ಚರ್ ಸಂಕೋಚನಕ್ಕೆ ನಾಲ್ಕು ಒರೆಗಲ್ಲುಗಳನ್ನು ಇಟ್ಟರು: ಬಿಡಿಸುವ ವೇಗ, ಯಾವ ಪಿಕ್ಸೆಲನ್ನಾದರೂ ನೇರವಾಗಿ ಮುಟ್ಟುವ ಅವಕಾಶ, ಗುಣಮಟ್ಟಕ್ಕೆ ತಕ್ಕ ಸಂಕೋಚನದ ಪ್ರಮಾಣ, ಸಂಕೋಚಿಸುವ ವೇಗ. ಯಾವ ಪಿಕ್ಸೆಲನ್ನಾದರೂ ನೇರವಾಗಿ ಮುಟ್ಟಬೇಕೆಂದರೆ ಪ್ರತಿ ಬ್ಲಾಕಿಗೂ ಒಂದೇ ಅಳತೆಯ ಜಾಗ ಕೊಡಬೇಕಾಗುತ್ತದೆ. ಎರಿಕ್ಸನ್ನಿನ ಸ್ಟ್ರೋಮ್ ಮತ್ತು ಲುಂಡಿನ ಅಕೆನಿನ್-ಮೊಲ್ಲರ್ 2005ರಲ್ಲಿ ಮಂಡಿಸಿದ, ಮುಂದೆ ಇಟಿಸಿ ಎನಿಸಿಕೊಂಡ ವಿಧಾನ, 2007ರಲ್ಲಿ ಸ್ಟ್ರೋಮ್ ಮತ್ತು ಪೆಟರ್ಸನ್ ವಿಸ್ತರಿಸಿದ ಇಟಿಸಿ2, 2012ರ ಎಎಸ್‌ಟಿಸಿ ಎಲ್ಲವೂ ಈ ಕಟ್ಟಳೆಯೊಳಗೇ ಬೆಳೆದವು. ಪಾರದರ್ಶಕತೆ ಇರುವ ಇಟಿಸಿ2ರಲ್ಲಿ 4×4 ಪಿಕ್ಸೆಲಿನ ಬ್ಲಾಕಿಗೆ 16 ಬೈಟ್. ಎಎಸ್‌ಟಿಸಿಯಲ್ಲಿ ಬ್ಲಾಕಿಗೆ ಯಾವಾಗಲೂ 16 ಬೈಟೇ, ಆದರೆ ಬ್ಲಾಕು 4×4ರಿಂದ 12×12ರವರೆಗೆ ಹಿಗ್ಗಬಲ್ಲದು. ಬ್ಲಾಕಿನಲ್ಲಿ ಮುಖವಿರಲಿ, ಬರೀ ಖಾಲಿಯಿರಲಿ, ಮೆಮೊರಿಯಲ್ಲಿ ತೆರುವ ಬೆಲೆ ಒಂದೇ.

ಅಟ್ಲಾಸಿನ ಹುಟ್ಟು ಬೇರೆ. ಎನ್‌ವಿಡಿಯಾ 2004ರಲ್ಲಿ ಟೆಕ್ಸ್ಚರ್ ಅಟ್ಲಾಸ್ ಕುರಿತು ಪ್ರಕಟಿಸಿದ ಟಿಪ್ಪಣಿಯ ಗುರಿ ಬ್ಯಾಚ್‌ಗಳ ಸಂಖ್ಯೆ ಇಳಿಸುವುದಾಗಿತ್ತು. ಟೆಕ್ಸ್ಚರ್ ಬದಲಾದಾಗಲೆಲ್ಲ ಹೊಸ ಡ್ರಾ ಕಾಲ್ ಬೇಕಾಗುವುದನ್ನು ತಪ್ಪಿಸುವ ಉಪಾಯ ಅದು. ಗಾತ್ರದ ಮಾತು ಅಟ್ಲಾಸಿಗೆ ಅಂಟಿಕೊಂಡದ್ದು ಆಮೇಲೆ.

ಅಂಟಿಕೊಂಡದ್ದು ಹೇಗೆ ಎಂಬುದನ್ನು ಒಂದು ಲೆಕ್ಕ ತೋರಿಸುತ್ತದೆ. ಒಂದು ಪಾತ್ರದ ನಡಿಗೆಗೆ 24 ಫ್ರೇಮ್‌ಗಳಿವೆ ಎಂದುಕೊಳ್ಳೋಣ. ಪ್ರತಿ ಫ್ರೇಮನ್ನು ಕಲಾವಿದರು 512×512 ಕ್ಯಾನ್ವಾಸಿನ ಮೇಲೆ ಬಿಡಿಸಿದ್ದಾರೆ, ಪಾತ್ರ ಅದರೊಳಗೆ ಆಕ್ರಮಿಸುವುದು 180×340 ಪಿಕ್ಸೆಲ್ ಮಾತ್ರ. ಸಂಕೋಚನವಿಲ್ಲದಿದ್ದರೆ ಫ್ರೇಮಿಗೆ 1 ಎಂಬಿಯಂತೆ 24 ಎಂಬಿ. ಇಟಿಸಿ2 ಹಚ್ಚಿದರೆ 6 ಎಂಬಿ. ಈಗ ಯುನಿಟಿಯ `Sprite Atlas`ಗೆ ಇವನ್ನು ಸೇರಿಸಿ, ಪ್ಯಾಡಿಂಗ್ 4 ಇಟ್ಟರೆ ಪ್ರತಿ ಫ್ರೇಮಿಗೆ 184×344ರ ಜಾಗ ಬೇಕು. 1024 ಅಗಲ, 2048 ಎತ್ತರದ ಹಾಳೆಯಲ್ಲಿ ಅಡ್ಡಕ್ಕೆ ಐದು, ಉದ್ದಕ್ಕೆ ಐದು ಕೂರುತ್ತವೆ. 24 ಫ್ರೇಮೂ ಹಿಡಿಸಿ ಒಂದು ಜಾಗ ಉಳಿಯಿತು. ಹಾಳೆಯ ಗಾತ್ರ ಇಟಿಸಿ2ರಲ್ಲಿ 2 ಎಂಬಿ. ಇದೇ ಹಾಳೆಯನ್ನು ಅಡ್ಡ ತಿರುಗಿಸಿ 2048×1024 ಮಾಡಿ, ಫ್ರೇಮ್‌ಗಳನ್ನು ನೆಟ್ಟಗೇ ಇಟ್ಟರೆ ಸಾಲಿಗೆ 11ರಂತೆ ಎರಡೇ ಸಾಲು, ಅಂದರೆ 22 ಮಾತ್ರ ಹಿಡಿಯುತ್ತವೆ. ಉಳಿದ ಎರಡಕ್ಕಾಗಿ ಹಾಳೆ ದುಪ್ಪಟ್ಟಾಗಿ 4 ಎಂಬಿಗೆ ಏರುತ್ತದೆ. ಆದ್ದರಿಂದ ಅಟ್ಲಾಸ್ ದೊಡ್ಡದಾಯಿತು ಎಂದು ದೂರುವ ಮೊದಲು ಹಾಳೆಯ ಆಕಾರವನ್ನು ನೋಡುವುದು ಒಳ್ಳೆಯದು.

6 ಎಂಬಿ ಇದ್ದದ್ದು 2 ಎಂಬಿ ಆಯಿತು, ಅಟ್ಲಾಸ್ ಗೆದ್ದಿತು ಎಂದು ರೂಢಿಯ ವಾದ ಇಲ್ಲಿಗೆ ನಿಲ್ಲುತ್ತದೆ. ಆದರೆ ಇಲ್ಲಿ ಎರಡು ಕೆಲಸ ಒಟ್ಟಿಗೆ ನಡೆದಿವೆ, ಖಾಲಿ ಅಂಚಿನ ಕತ್ತರಿಕೆ ಮತ್ತು ಜೋಡಣೆ. ಯುನಿಟಿಯಲ್ಲಿ ಬಿಡಿ ಸ್ಪ್ರೈಟಿನ ಟೆಕ್ಸ್ಚರ್ ತನ್ನ ಪೂರ್ತಿ ಕ್ಯಾನ್ವಾಸಿನೊಂದಿಗೇ ಬಿಲ್ಡ್ ಸೇರುತ್ತದೆ. ಅಟ್ಲಾಸಿಗೆ ಹಾಕಿದಾಗ ಮಾತ್ರ ಖಾಲಿ ಅಂಚು ಉದುರುತ್ತದೆ. ಎರಡೂ ಒಂದೇ ಗುಂಡಿಯ ಹಿಂದೆ ಅಡಗಿರುವುದರಿಂದ ಶ್ರೇಯಸ್ಸೆಲ್ಲ ಅಟ್ಲಾಸಿಗೆ ಸಂದಿದೆ.

ಇವನ್ನು ಬಿಡಿಸಿ ನೋಡಲು ಎರಡು ದಾರಿಗಳಿವೆ. ಮೊದಲನೆಯದು, ಜೋಡಣೆಯಿಲ್ಲದೆ ಕತ್ತರಿಕೆ ಮಾತ್ರ. ಫ್ರೇಮ್‌ಗಳನ್ನು ಚಿತ್ರದ ತಂತ್ರಾಂಶದಲ್ಲೇ 180×340ಕ್ಕೆ ಕತ್ತರಿಸಿ ಬಿಡಿಯಾಗಿಯೇ ಇಟ್ಟರೆ ಒಂದಕ್ಕೆ 61,200 ಬೈಟ್, 24ಕ್ಕೆ 14,68,800 ಬೈಟ್, ಅಂದರೆ ಸುಮಾರು 1.4 ಎಂಬಿ. ಎರಡನೆಯದು, ಕತ್ತರಿಕೆಯಿಲ್ಲದೆ ಜೋಡಣೆ ಮಾತ್ರ. ಸ್ಪ್ರೈಟಿನ `Mesh Type` ಅನ್ನು `Full Rect` ಮಾಡಿದರೆ ಖಾಲಿ ಅಂಚೂ ಹಾಳೆಯೊಳಗೆ ಬರುತ್ತದೆ. ಪ್ಯಾಡಿಂಗ್ ಸೇರಿ 516 ಪಿಕ್ಸೆಲಾದ ಫ್ರೇಮ್ 2048ರ ಸಾಲಿಗೆ ನಾಲ್ಕು ಕೂರುವುದಿಲ್ಲ, ಮೂರೇ. ಹಾಳೆಗೆ ಒಂಬತ್ತರಂತೆ ಮೂರು ಹಾಳೆ, ಒಟ್ಟು 12 ಎಂಬಿ. ಬಿಡಿಯಾಗಿದ್ದಾಗಿನ 6 ಎಂಬಿಯ ಎರಡರಷ್ಟು! ಎರಡು ಲೆಕ್ಕವೂ ಒಂದೇ ಕಡೆ ಕೈ ತೋರುತ್ತವೆ: ಕುಗ್ಗಿಸಿದ್ದು ಕತ್ತರಿಕೆ. ಈ ಉದಾಹರಣೆಯಲ್ಲಿ ಜೋಡಣೆ ತನ್ನಷ್ಟಕ್ಕೆ 1.4 ಎಂಬಿಯನ್ನು 2 ಎಂಬಿಗೆ ಏರಿಸಿದೆ.

ಇದಕ್ಕೆ ಒಂದು ಬಲವಾದ ಆಕ್ಷೇಪವಿದೆ, ಅದನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಕತ್ತರಿಸಿದ ಚಿತ್ರದ ಅಗಲ ಎತ್ತರ 4ರ ಗುಣಕವಾಗಿ ಬರಬೇಕೆಂದೇನಿಲ್ಲ. 181×341 ಆಗಿಬಿಟ್ಟರೆ ಎಂಜಿನ್ ಅದನ್ನು ಬ್ಲಾಕಿನಲ್ಲಿ ಸಂಕೋಚಿಸದೆ ಪಿಕ್ಸೆಲಿಗೆ 4 ಬೈಟಿನಂತೆ ಹಾಗೆಯೇ ಇಟ್ಟುಕೊಳ್ಳಬಹುದು. ಆಗ 24 ಫ್ರೇಮಿಗೆ 5.6 ಎಂಬಿ ದಾಟುತ್ತದೆ. ಒಂದೊಂದು ಪಿಕ್ಸೆಲ್ ಹೆಚ್ಚಿದ್ದಕ್ಕೆ ಗಾತ್ರ ನಾಲ್ಕು ಪಟ್ಟು! ಹಾಳೆಯ ಅಳತೆ ಯಾವಾಗಲೂ 2ರ ಘಾತದಲ್ಲೇ ಇರುವುದರಿಂದ ಅಟ್ಲಾಸಿನಲ್ಲಿ ಈ ಅಪಾಯವಿಲ್ಲ. ಇದು ಅಟ್ಲಾಸಿನ ನಿಜವಾದ ಕೊಡುಗೆ. ಆದರೂ ಅಂಚಿಗೆ ಮೂರು ಪಿಕ್ಸೆಲ್ ಸೇರಿಸಿ 184×344 ಮಾಡಿಕೊಂಡರೆ ಬಿಡಿ ಚಿತ್ರಗಳ ಮೊತ್ತ 1.45 ಎಂಬಿ ಅಷ್ಟೇ. ಹಾಳೆಗಿಂತ ಅದು ಈಗಲೂ ಚಿಕ್ಕದು. ಬ್ಯಾಚ್‌ಗಳ ಉಳಿತಾಯಕ್ಕಾಗಿ ಅಟ್ಲಾಸ್ ಬೇಕು ಎನ್ನುವವರೊಂದಿಗೆ ನನಗೆ ಜಗಳವಿಲ್ಲ. ಅಗ್ಗದ ಫೋನಿನ ಪ್ರೊಸೆಸರಿಗೆ ಡ್ರಾ ಕಾಲ್ ದುಬಾರಿ, ಅದಕ್ಕಾಗಿ ಅರ್ಧ ಎಂಬಿ ತೆರುವುದು ಸರಿಯಾದ ವ್ಯಾಪಾರವೇ. ತೆರುತ್ತಿದ್ದೇವೆ ಎಂಬ ಅರಿವಿರಬೇಕು, ಅಷ್ಟೇ.

ಇಲ್ಲಿಯವರೆಗಿನ ಅಂಕಿಗಳೆಲ್ಲ ಬಿಚ್ಚಿಟ್ಟ ಗಾತ್ರದವು. ಈ ಎಚ್ಚರ ಅನೇಕರಿಗೆ ತಪ್ಪುತ್ತದೆ. ಯುನಿಟಿ ಬಿಲ್ಡ್ ಮುಗಿದ ಮೇಲೆ `Editor.log` ಕಡತದಲ್ಲಿ ಬರೆಯುವ ಪಟ್ಟಿಯ ತಲೆಬರಹವೇ ಇದನ್ನು ಸಾರುತ್ತದೆ:

```
Used Assets and files from the Resources folder, sorted by uncompressed size:
```

1 ಜಿಬಿ ಮೆಮೊರಿಯ ಆಂಡ್ರಾಯ್ಡ್ ಗೋ ಫೋನಿನಲ್ಲಿ ಆಟ ನಡುವೆಯೇ ಮುಚ್ಚಿಹೋಗುತ್ತಿದ್ದರೆ ಈ ಪಟ್ಟಿಯನ್ನು ನೋಡಬೇಕು. ಬಳಕೆದಾರರ ಡೇಟಾ ಎಷ್ಟು ಖರ್ಚಾಗುತ್ತದೆ ಎಂಬುದಕ್ಕೆ ಇದು ಉತ್ತರ ಕೊಡುವುದಿಲ್ಲ. ಅದಕ್ಕೆ ಬೇರೆ ಅಳತೆ ಬೇಕು:

```
bundletool get-size total --apks=ata.apks
```

ಡೌನ್‌ಲೋಡಿನ ವಿಷಯದಲ್ಲಿ ನನ್ನ ವಾದ ಇನ್ನೂ ಮುಂದೆ ಹೋಗುತ್ತದೆ. ಒಂದು ಫ್ರೇಮಿನ 180×340ರಲ್ಲಿ 45×85, ಅಂದರೆ 3,825 ಬ್ಲಾಕುಗಳಿವೆ. ಕತ್ತರಿಸದೆ ಬಿಡಿಯಾಗಿ ಇಡಿ, ಕತ್ತರಿಸಿ ಬಿಡಿಯಾಗಿ ಇಡಿ, ಹಾಳೆಯಲ್ಲಿ ಜೋಡಿಸಿ; 4ರ ಜಾಲಕ್ಕೆ ಸರಿಯಾಗಿ ಕೂತಿದ್ದರೆ ಮೂರರಲ್ಲೂ ಚಿತ್ರವಿರುವ ಬ್ಲಾಕುಗಳು ಅವೇ 91,800. ಮಿಕ್ಕವೆಲ್ಲ ಖಾಲಿ. ಖಾಲಿ ಬ್ಲಾಕುಗಳೆಲ್ಲ ಒಂದೇ 16 ಬೈಟಿನ ಪುನರಾವರ್ತನೆಯಾದರೆ ಎಪಿಕೆಯ ಜಿಪ್ ಸಂಕೋಚನ ಅವನ್ನು ಬಹುಮಟ್ಟಿಗೆ ಇಲ್ಲವಾಗಿಸುತ್ತದೆ. ಹಾಗಾಗಿ ಮೆಮೊರಿಯಲ್ಲಿ 6, 1.4, 2 ಎಂಬಿ ಎಂದು ಬೇರೆಬೇರೆಯಾಗಿ ಕಾಣುವ ಮೂರು ವ್ಯವಸ್ಥೆಗಳು ಡೌನ್‌ಲೋಡಿನಲ್ಲಿ ಪರಸ್ಪರ ತೀರ ಹತ್ತಿರ ಬರಬೇಕು.

ಬರಬೇಕು ಎಂದೆನೇ ಹೊರತು ಬರುತ್ತವೆ ಎನ್ನಲಿಲ್ಲ. ಖಾಲಿ ಭಾಗಕ್ಕೆ ಪಕ್ಕದ ಬಣ್ಣ ಹರಡುವ ಆಯ್ಕೆ ಆನ್ ಆಗಿದ್ದರೆ ಪಾರದರ್ಶಕ ಬ್ಲಾಕುಗಳು ಒಂದೇ ತೆರನಾಗಿ ಉಳಿಯುವುದಿಲ್ಲ. ಬಿಲ್ಡಿನ ಕಂಪ್ರೆಷನ್ ಎಲ್‌ಝಡ್4ಗೆ ಬದಲಾದರೆ ಲೆಕ್ಕದ ರೀತಿಯೇ ಬೇರೆ. ಚಿತ್ರ 4ರ ಜಾಲದಿಂದ ಜಾರಿದರೆ ಫ್ರೇಮಿನ ಬ್ಲಾಕುಗಳು 46×86ರವರೆಗೆ ಹೆಚ್ಚಬಹುದು. ಪಿಎನ್‌ಜಿಯನ್ನೇ ನೇರವಾಗಿ ಬಿಲ್ಡಿಗೆ ಸೇರಿಸುವ ಎಂಜಿನ್‌ಗಳಿಗೆ ಈ ವಾದ ಇದೇ ರೂಪದಲ್ಲಿ ಹೊಂದದು. ಅಲ್ಲಿ ಕಡತ ಚಿಕ್ಕದಾಗಿದ್ದರೂ 1024×2048ರ ಹಾಳೆ ಮೆಮೊರಿಯಲ್ಲಿ 8 ಎಂಬಿಗೆ ಅರಳುತ್ತದೆ.

ಇವೆಲ್ಲವನ್ನೂ ಒಪ್ಪಿದ ಮೇಲೂ ಅಟ್ಲಾಸಿನ ಪರವಾಗಿ ಒಂದು ಸಾಧ್ಯತೆ ಉಳಿಯುತ್ತದೆ. ಅದು ರೂಢಿಯ ವಾದದಲ್ಲಿ ಬರುವುದೇ ಇಲ್ಲ. ಜಿಪ್ ಬಳಸುವ ಡಿಫ್ಲೇಟ್ ವಿಧಾನ ಹಿಂದಿನ 32 ಕೆಬಿಯೊಳಗೆ ಮಾತ್ರ ಪುನರಾವರ್ತನೆಯನ್ನು ಹುಡುಕಬಲ್ಲದು. ಬಿಡಿಯಾಗಿ ಕತ್ತರಿಸಿದ ಫ್ರೇಮ್‌ಗಳು ಒಂದರ ಹಿಂದೊಂದು ಇದ್ದರೂ, ಮೊದಲನೆಯದರ ತಲೆಗೂ ಎರಡನೆಯದರ ಅದೇ ತಲೆಗೂ ನಡುವೆ 61,200 ಬೈಟ್ ದೂರ. ಡಿಫ್ಲೇಟಿಗೆ ಅದು ಕಾಣುವುದಿಲ್ಲ. ಹಾಳೆಯಲ್ಲಿ ಹಾಗಲ್ಲ. ಬ್ಲಾಕುಗಳು ಎಡದಿಂದ ಬಲಕ್ಕೆ ಸಾಲುಸಾಲಾಗಿ ಬರೆಯಲ್ಪಡುತ್ತವೆ, ಪಕ್ಕದ ಫ್ರೇಮ್ 184 ಪಿಕ್ಸೆಲ್ ಆಚೆಗಿದೆ. ಅಂದರೆ 46 ಬ್ಲಾಕ್, ಬರೀ 736 ಬೈಟ್ ದೂರ. ತಲೆ ಎರಡು ಫ್ರೇಮಿನಲ್ಲೂ ಪಿಕ್ಸೆಲ್ ಪಿಕ್ಸೆಲ್ ಒಂದೇ ಆಗಿದ್ದು, 4ರ ಜಾಲದಲ್ಲಿ ಒಂದೇ ಸ್ಥಾನದಲ್ಲಿದ್ದರೆ ಡಿಫ್ಲೇಟ್ ಎರಡನೆಯದನ್ನು ಪುನರಾವರ್ತನೆ ಎಂದು ಗುರುತಿಸಿ ಸಣ್ಣದಾಗಿ ಬರೆಯಬಲ್ಲದು. ಸಂಕೋಚನಗೊಂಡ ಟೆಕ್ಸ್ಚರನ್ನು ಮತ್ತೆ ಸಂಕೋಚಿಸುವ ಬಗ್ಗೆ ಸ್ಟ್ರೋಮ್ ಮತ್ತು ವೆನ್ನರ್‌ಸ್ಟೆನ್ 2011ರಲ್ಲೇ ಬರೆದಿದ್ದಾರೆ. ಹಾಳೆಯ ಮೇಲಿನ ಜೋಡಣೆಯ ಕ್ರಮವೂ ಆ ಪ್ರಶ್ನೆಯ ಭಾಗ ಎಂಬುದಷ್ಟೇ ನಾನು ಸೇರಿಸಬಯಸುವ ಮಾತು.

ಎಎಸ್‌ಟಿಸಿ 6×6ಕ್ಕೆ ಬಂದಾಗ ಈ ಅಂಶ ಕೆಲಸಕ್ಕೆ ಬರುತ್ತದೆ. ಅಲ್ಲಿ ಹಾಳೆ 2 ಎಂಬಿಯಿಂದ 0.9 ಎಂಬಿಗೆ, ಚಿತ್ರವಿರುವ ಭಾಗ ಫ್ರೇಮಿಗೆ 61,200ರಿಂದ ಸುಮಾರು 28 ಸಾವಿರ ಬೈಟಿಗೆ ಇಳಿಯುತ್ತದೆ. ಮೆಮೊರಿ ಮತ್ತು ಡೌನ್‌ಲೋಡ್ ಎರಡನ್ನೂ ಒಟ್ಟಿಗೆ ಕುಗ್ಗಿಸುವುದು ಹೀಗೆ ಪಿಕ್ಸೆಲಿಗೆ ತಗಲುವ ಬಿಟ್ಟನ್ನೇ ಇಳಿಸುವ ಕ್ರಮ. ಆದರೆ 184 ಮತ್ತು 344 ಎರಡೂ 6ರಿಂದ ಭಾಗವಾಗುವುದಿಲ್ಲ, ಆದ್ದರಿಂದ ಪಕ್ಕದ ಫ್ರೇಮಿನ ಅದೇ ತಲೆ ಬೇರೆ ರೀತಿಯಲ್ಲಿ ಬ್ಲಾಕುಗಳಾಗಿ ಒಡೆಯುತ್ತದೆ. ಫ್ರೇಮನ್ನು 182×344ಕ್ಕೆ ಕತ್ತರಿಸಿ ಪ್ಯಾಡಿಂಗ್ 4 ಇಟ್ಟರೆ ಅಂತರ 186×348 ಆಗುತ್ತದೆ, ಎರಡೂ 6ರ ಗುಣಕಗಳು. ಅದೇ ಹಾಳೆಯಲ್ಲಿ ಐದೈದೇ ಕೂರುತ್ತವೆ, ಮೆಮೊರಿಯಲ್ಲಿ ಒಂದು ಬೈಟೂ ಹೆಚ್ಚುವುದಿಲ್ಲ. ಗಮನಿಸಬೇಕಾದ ಮಿತಿಯೊಂದಿದೆ. ಎಎಸ್‌ಟಿಸಿ ಅರಿಯದ ಹಳೆಯ ಫೋನಿನಲ್ಲಿ ಯುನಿಟಿ ಹಾಳೆಯನ್ನು ಲೋಡ್ ಮಾಡುವಾಗಲೇ ಬಿಚ್ಚಿಬಿಡುತ್ತದೆ. 0.9 ಎಂಬಿ ಇದ್ದದ್ದು 8 ಎಂಬಿ ಆಗುತ್ತದೆ. ಮಾಲಿ-400 ಗ್ರಾಫಿಕ್ಸ್ ಇರುವ ಫೋನ್‌ಗಳು ಇಟಿಸಿ2ನ್ನೂ ಅರಿಯವು, ಅವುಗಳ ಮಟ್ಟಿಗೆ ಈ ಲೇಖನದ ಇಟಿಸಿ2 ಮತ್ತು ಎಎಸ್‌ಟಿಸಿ ಅಂಕಿಗಳು ಮೆಮೊರಿಗೆ ಅನ್ವಯಿಸುವುದಿಲ್ಲ.

ತೀರ್ಮಾನವಾಗದೆ ಉಳಿದದ್ದು ಈ ಜೋಡಣೆಯ ಕ್ರಮದ ಪ್ರಶ್ನೆ. ಕೈಯಿಂದ ಫ್ರೇಮ್ ಫ್ರೇಮಾಗಿ ಬಿಡಿಸಿದ ನಡಿಗೆಯಲ್ಲಿ ಎರಡು ತಲೆಗಳು ಪಿಕ್ಸೆಲ್ ಮಟ್ಟದಲ್ಲಿ ಒಂದೇ ಆಗಿರುವುದು ಅಪರೂಪ. ಬಿಡಿ ಅಂಗಗಳನ್ನು ಜೋಡಿಸಿ ಆಡಿಸಿ ಫ್ರೇಮ್ ತೆಗೆದ ಪಾತ್ರದಲ್ಲಿ ಅದು ಸಾಮಾನ್ಯವಾಗಬಹುದು, ಆದರೆ ನಡೆಯುವಾಗ ತಲೆ ಒಂದೆರಡು ಪಿಕ್ಸೆಲ್ ಏರಿಳಿದರೂ ಜಾಲ ತಪ್ಪುತ್ತದೆ. ಪ್ಯಾಕರ್‌ಗಳು ಜಾಗದ ಉಳಿತಾಯವನ್ನು ನೋಡಿ ಚಿತ್ರಗಳನ್ನು ಇಡುತ್ತವೆಯೇ ಹೊರತು ಒಂದೇ ಬಗೆಯವನ್ನು ಅಕ್ಕಪಕ್ಕ ಇಡುವುದಿಲ್ಲ. ಎರಡೂ ಬಗೆಯ ಪಾತ್ರಗಳನ್ನು ತೆಗೆದುಕೊಂಡು, ಒಂದೇ ಹಾಳೆಯನ್ನು ಬೇರೆಬೇರೆ ಕ್ರಮದಲ್ಲಿ ಜೋಡಿಸಿ, ಪ್ರತಿಯೊಂದರ ಡೌನ್‌ಲೋಡ್ ಗಾತ್ರವನ್ನು `bundletool`ನಿಂದ ಅಳೆದು ಹೋಲಿಸಿದರೆ ಈ ಸಾಧ್ಯತೆಗೆ ಎಷ್ಟು ತೂಕವಿದೆ ಎಂಬುದು ತಿಳಿದೀತು.